ಗೋಡೆಯ ಮೇಲಿನ ಗಾದೆ: ಚಳ್ಳಕೆರೆಯಿಂದ ಬ್ರಹ್ಮಗಿರಿಗೆ

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಗೋಡೆಯ ಮೇಲೆ ಬರೆದ ಗಾದೆಗೆ ಎರಡು ಭಾಷೆಯ ಓದುಗರಿದ್ದಾರೆ. ಪೂರ್ವಕ್ಕೆ ಆಂಧ್ರದ ಕಲ್ಯಾಣದುರ್ಗ, ರಾಯದುರ್ಗಗಳು ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬ ಕುಟುಂಬಗಳು ಇಲ್ಲಿ ಸಾಮಾನ್ಯ. ಆದ್ದರಿಂದ ಶಾಲೆಯ ಕಾಂಪೌಂಡಿನ ಮೇಲೋ ಲಾರಿಯ ಹಿಂಬದಿಯಲ್ಲೋ ಕಂಡ ಒಂದು ಮಾತನ್ನು ಫೋಟೊ ಹಿಡಿದು, ಅದರ ಅರ್ಥವನ್ನೂ ಅದಕ್ಕೆ ಸಮನಾದ ಇನ್ನೊಂದು ಭಾಷೆಯ ಗಾದೆಯನ್ನೂ ಬರೆದಿಡುವ ಕೆಲಸಕ್ಕೆ ಈ ಸೀಮೆ ಹೇಳಿ ಮಾಡಿಸಿದಂಥದು. ತಪ್ಪಿದರೆ ತಿದ್ದುವವರು ಅದೇ ಗೋಡೆಯ ನೆರಳಿನಲ್ಲಿ ಕೂತಿರುತ್ತಾರೆ.

ಗಾದೆಗೆ ಸಮಾನ ಗಾದೆ ಹುಡುಕುವುದು ಹೊಸ ಕೆಲಸವೇನಲ್ಲ. ಎಂ. ಡಬ್ಲ್ಯು. ಕಾರ್ ಎಂಬ ಬ್ರಿಟಿಷ್ ಸೇನಾಧಿಕಾರಿ 1868ರಲ್ಲಿ ಮದರಾಸಿನಲ್ಲಿ ತೆಲುಗು ಗಾದೆಗಳ ದೊಡ್ಡ ಸಂಗ್ರಹವೊಂದನ್ನು ಅಚ್ಚು ಹಾಕಿಸಿದ. ಗಾದೆಯ ಕೆಳಗೆ ಅದರ ಇಂಗ್ಲಿಷ್ ಅರ್ಥ, ಸಿಕ್ಕಿದ ಕಡೆ ಅದನ್ನೇ ಹೋಲುವ ಬೇರೆ ಗಾದೆ ಎಂಬುದು ಅಲ್ಲಿನ ಕ್ರಮ. ಆದರೆ ಪುಸ್ತಕದಲ್ಲಿರುವ ಗಾದೆಗೆ ಜಾಗವಿಲ್ಲ, ಗೋಡೆಯ ಗಾದೆಗೆ ಜಾಗವಿದೆ. ಅದನ್ನು ಯಾರೋ ಬರೆಸಿದ್ದಾರೆ, ಯಾರೋ ಓದಲಿ ಎಂದು ಬರೆಸಿದ್ದಾರೆ. ಇದನ್ನು ಬಿಟ್ಟು ಅಕ್ಷರವನ್ನಷ್ಟೇ ಕ್ಯಾಮೆರಾದ ಚೌಕಟ್ಟಿಗೆ ಸೇರಿಸಿದರೆ ಅರ್ಧ ಅರ್ಥ ಗೋಡೆಯಲ್ಲೇ ಉಳಿಯುತ್ತದೆ.

ಮೊದಲ ತೊಡಕು ಓದುವುದರಲ್ಲೇ ಇದೆ. ಸುಣ್ಣದ ಗೋಡೆಯಲ್ಲಿ ಮಳೆನೀರು ಕೆಳಗಿನಿಂದ ಸಿಡಿದು ಸಾಲಿನ ತಳಭಾಗವನ್ನು ಮೊದಲು ಅಳಿಸುತ್ತದೆ. ಕನ್ನಡದಲ್ಲಿ ಒತ್ತಕ್ಷರ ನೇತಾಡುವುದು ಅಲ್ಲಿಯೇ. ‘ಭಿಕ್ಷೆ’ಯ ಒತ್ತು ಹೋದರೆ ‘ಭಿಕೆ’ ಉಳಿಯುತ್ತದೆ, ‘ಬಗ್ಗದ್ದು’ ಎಂಬುದು ‘ಬಗದು’ ಆಗುತ್ತದೆ. ಪದ ಅರ್ಥವಾಗದಿದ್ದಾಗ ಇದು ಅಪರೂಪದ ಗ್ರಾಮ್ಯ ರೂಪವಿರಬೇಕೆಂದು ಊಹಿಸುವ ಮೊದಲು ಸಾಲಿನ ತಳಭಾಗದ ಬಣ್ಣವನ್ನು ನೋಡಬೇಕು. ಎರಡನೆಯ ತೊಡಕು ಲಿಪಿಯದು. ದೂರದಿಂದ ತೆಗೆದ ಫೋಟೊದಲ್ಲಿ ತೆಲುಗು ಮತ್ತು ಕನ್ನಡ ಅಕ್ಷರಗಳು ಬೇಗ ಬೆರೆತುಹೋಗುತ್ತವೆ. ತಲೆಕಟ್ಟನ್ನು ಗಮನಿಸಿದರೆ ಗೊತ್ತಾಗುತ್ತದೆ: ಕನ್ನಡದ್ದು ಅಡ್ಡಲಾಗಿ ಹರಿದು ತುದಿಯಲ್ಲಿ ಬಾಗುತ್ತದೆ, ತೆಲುಗಿನದು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಬಣ್ಣದವನ ಕೈಯಲ್ಲಿ ‘ಭ’ ‘ಬ’ ಆಗಿದ್ದರೆ ಅದನ್ನು ಬರೆದಂತೆಯೇ ನಕಲು ಮಾಡಿ, ಸರಿಯಾದ ರೂಪವನ್ನು ಪಕ್ಕದಲ್ಲಿ ಕೊಡುವುದು ಒಳ್ಳೆಯದು. ಈ ಸೀಮೆಯ ಮಾತಿನಲ್ಲಿ ಮಹಾಪ್ರಾಣ ಸಡಿಲವೇ. ಗೋಡೆಯ ಕಾಗುಣಿತ ಆ ಉಚ್ಚಾರಣೆಯ ದಾಖಲೆಯೂ ಹೌದು.

ಓದಿದ ಮೇಲೆ ಅರ್ಥ. ಎರಡು ಭಾಷೆಗಳ ಗಾದೆ ಪದಕ್ಕೆ ಪದ ಹೊಂದಿಕೊಂಡಾಗ ಕೆಲಸ ಸಲೀಸು. ಕರ್ನಾಟಕದ ಸರ್ಕಾರಿ ಶಾಲೆಗಳ ಗೋಡೆಗಳಿಗೆ ಪ್ರಿಯವಾದ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದನ್ನು ತೆಲುಗಿನವರು ‘ಮೊಕ್ಕೈ ವಂಗನಿದಿ ಮಾನೈ ವಂಗುನಾ’ ಎನ್ನುತ್ತಾರೆ. ಗಿಡ, ಬಾಗುವುದು, ಮರ, ಕೊನೆಯ ಪ್ರಶ್ನೆ, ಎಲ್ಲವೂ ಅದೇ. ‘ದೂರದ ಬೆಟ್ಟ ನುಣ್ಣಗೆ’ ಎಂಬುದಕ್ಕೆ ‘ದೂರಪು ಕೊಂಡಲು ನುನುಪು’ ಇದೆ. ಮೊಳಕಾಲ್ಮುರಿನ ಕಡೆಗೆ ಹೋಗುವವರಿಗೆ ಈ ಮಾತಿನ ಸತ್ಯ ಕಣ್ಣೆದುರೇ ನಿಲ್ಲುತ್ತದೆ. ರಸ್ತೆಯಿಂದ ನೀಲಿಯಾಗಿ, ಸವರಿಟ್ಟಂತೆ ಕಾಣುವ ಗುಡ್ಡಗಳು ಹತ್ತಿರವಾದಂತೆ ಬಿರುಕುಬಿಟ್ಟ ಬಂಡೆ, ಮುಳ್ಳುಪೊದೆ, ಕುರಿಜಾಡುಗಳಾಗಿ ಬಿಚ್ಚಿಕೊಳ್ಳುತ್ತವೆ. ‘ಮನೆ ಗೆದ್ದು ಮಾರು ಗೆಲ್ಲು’ ಎಂಬುದಕ್ಕೂ ತೆಲುಗಿನಲ್ಲಿ ಜೋಡಿ ಉಂಟು: ‘ಇಂಟ ಗೆಲಿಚಿ ರಚ್ಚ ಗೆಲುವು’. ಇಲ್ಲಿ ಮಾತ್ರ ಒಂದು ಸಣ್ಣ ಬದಲಾವಣೆ ಇದೆ. ತೆಲುಗಿನ ರಚ್ಚ ಎಂದರೆ ಊರ ಮಂದಿ ಕೂಡುವ ಕಟ್ಟೆ, ಪಂಚಾಯಿತಿ ನಡೆಯುವ ಜಾಗ. ಕನ್ನಡದ ಮಾರು ಬರೀ ಹೊರಗಿನ ಲೋಕ. ಮನೆಯ ಆಚೆ ಎಂದರೆ ನ್ಯಾಯಕಟ್ಟೆ ಎಂದು ಒಂದು ಭಾಷೆ ಕಲ್ಪಿಸಿಕೊಂಡಿದೆ, ಇನ್ನೊಂದು ಅಷ್ಟು ಬಿಡಿಸಿ ಹೇಳಿಲ್ಲ.

ಪದ ಹೊಂದದೆ ಪ್ರಯೋಗ ಮಾತ್ರ ಹೊಂದುವ ಗಾದೆಗಳು ಹೆಚ್ಚು ಕಲಿಸುತ್ತವೆ. ತಡವಾದ ಎಚ್ಚರಕ್ಕೆ ಕನ್ನಡದಲ್ಲಿ ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎನ್ನುತ್ತಾರೆ. ಏಳು ಸುತ್ತಿನ ಕೋಟೆಯಿರುವ ಚಿತ್ರದುರ್ಗದ ಜಿಲ್ಲೆಯಲ್ಲಿ ಈ ಮಾತಿಗೆ ತಾನಾಗಿಯೇ ಒಂದು ತೂಕ ಬರುತ್ತದೆ. ತೆಲುಗಿನಲ್ಲಿ ಇದೇ ಸಂದರ್ಭಕ್ಕೆ ‘ಚೇತುಲು ಕಾಲಾಕ ಆಕುಲು ಪಟ್ಟುಕುನ್ನಟ್ಟು’, ಅಂದರೆ ಕೈ ಸುಟ್ಟ ಮೇಲೆ ಎಲೆ ಹಿಡಿದುಕೊಂಡಂತೆ. ಒಂದು ಕೋಟೆಯ ಮಾತು, ಇನ್ನೊಂದು ಒಲೆಯ ಮುಂದಿನ ಮಾತು. ಬಿಸಿ ಪಾತ್ರೆ ಇಳಿಸಲು ಎಲೆಯನ್ನು ಕೈವಸ್ತ್ರವಾಗಿ ಬಳಸುವ ಅಡುಗೆಮನೆ ಗೊತ್ತಿಲ್ಲದವರಿಗೆ ಎರಡನೆಯದು ತಿಳಿಯದು. ಆದರೂ ಇವು ನಿಜವಾದ ಜೋಡಿ, ಏಕೆಂದರೆ ಒಂದನ್ನು ಹೇಳುವ ಗಳಿಗೆಯಲ್ಲಿ ಇನ್ನೊಂದನ್ನು ಹೇಳಿದರೆ ಕೇಳಿದವನ ಮುಖದಲ್ಲಿ ಅದೇ ಭಾವ ಮೂಡುತ್ತದೆ. ಪರೀಕ್ಷೆ ಇಷ್ಟೇ: ಪದಗಳನ್ನು ಪಕ್ಕಪಕ್ಕ ಇಡುವುದಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಆಡಿ ನೋಡುವುದು.

ಈ ಪರೀಕ್ಷೆಯಲ್ಲಿ ಪದಶಃ ಅನುವಾದ ಸೋಲುವುದಕ್ಕೆ ಹೆದ್ದಾರಿಯೇ ಸಾಕ್ಷಿ. ಚಳ್ಳಕೆರೆ ಶೇಂಗಾ ಎಣ್ಣೆಯ ಊರು. ಎಣ್ಣೆ ಗಿರಣಿಗಳಿಂದ ಅದಕ್ಕೆ ಎಣ್ಣೆ ನಗರಿ ಎಂದೇ ಹೆಸರು. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ರಸ್ತೆ ಅದರ ಮೂಲಕ ಹಾಯುವುದರಿಂದ ಎರಡೂ ರಾಜ್ಯಗಳ ಲಾರಿಗಳು ಇಲ್ಲಿ ಕಾಣುತ್ತವೆ. ಆಂಧ್ರದ ಲಾರಿ, ಆಟೊಗಳ ಹಿಂದೆ ಬಹಳ ಕಡೆ ಇರುವ ಸಾಲು ‘ನನ್ನು ಚೂಸಿ ಏಡವಕುರಾ’. ಪದಕ್ಕೆ ಪದ ಇಟ್ಟರೆ ‘ನನ್ನ ನೋಡಿ ಅಳಬೇಡವೋ’ ಎಂದಾಗುತ್ತದೆ. ಕನ್ನಡದ ಓದುಗ ಇದನ್ನು ಸಾಂತ್ವನವೆಂದೇ ತಿಳಿದಾನು, ಸಾವಿನ ಮನೆಯ ಮಾತೆಂದೂ ತಿಳಿದಾನು. ತೆಲುಗಿನಲ್ಲಿ ಇನ್ನೊಬ್ಬರ ಏಳಿಗೆ ಕಂಡು ಅಳುವುದು ಎಂದರೆ ಅಸೂಯೆಪಡುವುದು. ಕನ್ನಡದಲ್ಲಿ ಅಸೂಯೆಗೆ ಕಣ್ಣೀರು ಬರುವುದಿಲ್ಲ, ಹೊಟ್ಟೆ ಉರಿಯುತ್ತದೆ. ಆದ್ದರಿಂದ ಸರಿಯಾದ ಕನ್ನಡ ‘ನನ್ನ ನೋಡಿ ಹೊಟ್ಟೆ ಉರ್ಕೋಬೇಡ ಕಣೋ’. ಉತ್ತರದ ಲಾರಿಗಳ ‘ಬುರೀ ನಜರ್‌ವಾಲೇ, ತೇರಾ ಮುಹ್ ಕಾಲಾ’ ಕೂಡ ಇದೇ ಕುಟುಂಬದ್ದು. ಆದರೆ ಅದು ಶಾಪ, ದೃಷ್ಟಿ ಹಾಕಿದವನ ಮುಖಕ್ಕೆ ಮಸಿ ಬಯಸುತ್ತದೆ. ತೆಲುಗಿನದು ಗೆಳೆಯನನ್ನು ಕೆಣಕುವ ಸಲಿಗೆಯ ಮಾತು, ಸಾಲಿನ ಕೊನೆಯ ‘ರಾ’ ಅದನ್ನು ಹೇಳುತ್ತದೆ. ಮೂರನ್ನೂ ಸಮಾನವೆಂದು ಒಂದೇ ಫೋಟೊದ ಕೆಳಗೆ ಬರೆದರೆ ದನಿಯ ವ್ಯತ್ಯಾಸ ನಷ್ಟವಾಗುತ್ತದೆ.

ಶಾಲೆಗಳಲ್ಲೂ ಕೃಷಿ ಕಚೇರಿಗಳಲ್ಲೂ ಬರೆಸುವ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯ ಜೀವ ಪ್ರಾಸದಲ್ಲಿದೆ. ಕೆಸರಿಗೂ ಮೊಸರಿಗೂ ಇರುವ ಸಂಬಂಧವೇ ಪ್ರಾಸ, ಗದ್ದೆಯಲ್ಲಿ ದುಡಿದವನಿಗೆ ಮೊಸರೇ ಸಿಗಬೇಕೆಂಬ ನಿಯಮವಿಲ್ಲ. ಆಂಧ್ರದಲ್ಲಿ ಈ ಜಾಗಕ್ಕೆ ‘ಕಷ್ಟೇ ಫಲಿ’ ಬರುತ್ತದೆ. ಅರ್ಥ ಹತ್ತಿರ, ಆದರೆ ಕೈಯೂ ಇಲ್ಲ, ಬಾಯಿಯೂ ಇಲ್ಲ, ಹುಡುಗರು ಕುಣಿದು ಹೇಳುವ ಲಯವೂ ಇಲ್ಲ. ಇನ್ನೊಂದು ಮಾತು. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಇಲ್ಲಿಯ ರೈತನ ಕೈಗೆ ಕೆಸರಿಗಿಂತ ಕೆಂಪು ಧೂಳು ಹತ್ತುವುದೇ ಹೆಚ್ಚು, ಶೇಂಗಾ ಬಿತ್ತುವುದು ಮಳೆಯನ್ನು ನಂಬಿದ ಹೊಲದಲ್ಲಿ. ಗದ್ದೆ ಸೀಮೆಯ ಗಾದೆ ಒಣಸೀಮೆಯ ಗೋಡೆಗೆ ಬಂದು ಕೂತಿದೆ. ಹಾಗೆಂದು ಅದು ಸುಳ್ಳಾಗುವುದಿಲ್ಲ, ಓದುವವರು ಕೆಸರನ್ನು ನೋಡುವುದಿಲ್ಲ, ಪ್ರಾಸವನ್ನು ಕೇಳುತ್ತಾರೆ. ಫೋಟೊದ ಟಿಪ್ಪಣಿ ಬರೆಯುವವರು ಮಾತ್ರ ಈ ಅಂತರವನ್ನು ಹೇಳಬೇಕು.

ಈ ನೆಲದಲ್ಲೇ ಹುಟ್ಟಿ, ಈ ನೆಲದ ಗೋಡೆಗಳ ಮೇಲೆ ಎಲ್ಲಕ್ಕಿಂತ ಹೆಚ್ಚು ಕಾಣುವ ಮಾತು ಬೇರೆಯೇ ಇದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಎರಡು ದೇವಾಲಯಗಳಿವೆ, ಒಳಮಠ ಮತ್ತು ಹೊರಮಠ. ಫಾಲ್ಗುಣದ ರಥೋತ್ಸವಕ್ಕೆ ಗಡಿಯ ಆಚೆಯಿಂದಲೂ ಜನ ಬರುತ್ತಾರೆ, ಹರಕೆ ಹೊತ್ತವರು ಒಣಕೊಬ್ಬರಿ ಸುಡುತ್ತಾರೆ. ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇರುದ್ರಪ್ಪ ಎಂಬ ಹೆಸರುಗಳು ಈ ಭಾಗದಲ್ಲಿ ಮನೆಮನೆಯಲ್ಲಿರುವುದು ಅವರಿಂದಲೇ. ಅವರ ಮಾತು ಎಂದು ಜನ ಹೇಳುವುದು ‘ಮಾಡಿದಷ್ಟು ನೀಡು ಭಿಕ್ಷೆ’. ಇದು ದೇವಾಲಯದಲ್ಲಷ್ಟೇ ಇಲ್ಲ. ಅಂಗಡಿಯ ಹಲಗೆ, ಟ್ರ್ಯಾಕ್ಟರಿನ ಮುಂಭಾಗ, ಲಾರಿಯ ಹಣೆ, ಜಾತ್ರೆಯ ಪೋಸ್ಟರು, ಎಲ್ಲೆಲ್ಲೂ ಸ್ವಾಮಿಯ ಚಿತ್ರದ ಜೊತೆಗೆ ಬರುತ್ತದೆ. ಹೀಗಾಗಿ ಒಂದೇ ಗಾದೆಯನ್ನು ನಾಲ್ಕಾರು ಜಾಗಗಳಲ್ಲಿ ನೋಡಿ ಅರ್ಥವನ್ನು ತೂಗಿ ನೋಡುವ ಅವಕಾಶ ಇದರಲ್ಲಿದೆ.

ಪದಗಳು ಮೂರೇ. ಆದರೆ ‘ನೀಡು’ ಎಂದು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಸಾಲಿನಲ್ಲಿಲ್ಲ. ಕೊಡುವವನಿಗೆ ಹೇಳಿದ್ದಾದರೆ ‘ಅವನು ಮಾಡಿದಷ್ಟಕ್ಕೆ ತಕ್ಕಂತೆ ಕೊಡು’ ಎಂಬ ಕಟ್ಟಳೆ. ಭಕ್ತ ದೇವರಿಗೆ ಹೇಳಿದ್ದಾದರೆ ‘ನಾನು ಮಾಡಿದಷ್ಟನ್ನೇ ಕೊಡು, ಹೆಚ್ಚು ಬೇಡ’ ಎಂಬ ಪ್ರಾರ್ಥನೆ. ಭಿಕ್ಷೆ ಎಂಬ ಪದ ಇನ್ನೂ ವಿಚಿತ್ರ. ದುಡಿದು ಪಡೆದದ್ದು ಕೂಲಿ, ದುಡಿಯದೆ ಪಡೆದದ್ದು ಭಿಕ್ಷೆ. ಇಲ್ಲಿ ಕೂಲಿಯ ಅಳತೆಯಲ್ಲಿ ಭಿಕ್ಷೆಯನ್ನು ಕೇಳಲಾಗಿದೆ. ಇದಕ್ಕೆ ಬೆನ್ನಾಗಿ ನಿಲ್ಲುವುದು ಕೆರೆಗಳ ಕಥೆ. ತಿಪ್ಪೇರುದ್ರಸ್ವಾಮಿ ನಾಯಕನಹಟ್ಟಿಯ ಸುತ್ತ ಐದು ಕೆರೆಗಳನ್ನು ಕಟ್ಟಿಸಿದರೆಂದು ಜನ ನಂಬುತ್ತಾರೆ. ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ಸಿಗುವಂತೆ ನೋಡಿಕೊಂಡರೆಂಬುದು ಆ ಕಥೆಯ ತಿರುಳು. ಬರಗಾಲದ ನಾಡಿನಲ್ಲಿ ಹಸಿದವನಿಗೆ ಅನ್ನ ಕೊಡುವುದು ಭಿಕ್ಷೆಯೇ ಸರಿ. ಆ ಅನ್ನವನ್ನು ಕೆರೆಯ ಏರಿಯ ಮೇಲೆ ಅಳೆದು ಕೊಟ್ಟಾಗ ಅದು ಪಡೆದವನ ಗಳಿಕೆಯೂ ಆಗುತ್ತದೆ, ಊರಿಗೆ ನೀರೂ ನಿಲ್ಲುತ್ತದೆ. ಮೂರು ಪದಗಳ ಸಾಲು ಇಷ್ಟನ್ನೂ ಹೊತ್ತಿದೆ.

ಸಮಾನ ಗಾದೆ ಹುಡುಕುವವರಿಗೆ ಮೊದಲು ನೆನಪಾಗುವುದು ‘ಬಿತ್ತಿದ್ದನ್ನೇ ಬೆಳೆಯುವುದು’ ಎಂಬ ಅರ್ಥದ ಇಂಗ್ಲಿಷ್ ಗಾದೆ. ಹಿಂದಿಯ ‘ಜೈಸೀ ಕರನೀ ವೈಸೀ ಭರನೀ’ಯೂ ಹಿಂದೆಯೇ ಬರುತ್ತದೆ. ಎರಡೂ ಇಲ್ಲಿ ಸರಿಹೊಂದುವುದಿಲ್ಲ. ಅವು ಮಾಡಿದ್ದರ ಬಗೆಯನ್ನು ಹೇಳುತ್ತವೆ: ಒಳ್ಳೆಯದು ಮಾಡಿದರೆ ಒಳ್ಳೆಯದು, ಕೆಟ್ಟದ್ದು ಮಾಡಿದರೆ ಕೆಟ್ಟದ್ದು. ನಾಯಕನಹಟ್ಟಿಯ ಮಾತು ಬಗೆಯನ್ನು ಹೇಳುವುದಿಲ್ಲ, ಅಳತೆಯನ್ನು ಹೇಳುತ್ತದೆ. ಅದರ ತಿರುಗಣೆ ‘ಮಾಡಿದಂತೆ’ಯಲ್ಲಿಲ್ಲ, ‘ಮಾಡಿದಷ್ಟು’ವಿನಲ್ಲಿದೆ. ಅದೂ ಅಲ್ಲದೆ ಹಿಂದಿಯ ಮಾತನ್ನು ಯಾರಿಗಾದರೂ ಕೇಡಾದಾಗ ಹೇಳುವುದೇ ಹೆಚ್ಚು. ಕನ್ನಡದಲ್ಲೇ ಇರುವ ‘ಮಾಡಿದ್ದುಣ್ಣೋ ಮಹರಾಯ’ ಕೂಡ ಹಾಗೆಯೇ. ಅದನ್ನು ಟ್ರ್ಯಾಕ್ಟರಿನ ಮುಂದೆ ಬರೆಸುವ ರೈತ ಯಾರೂ ಇಲ್ಲ, ಬರೆಸಿದರೆ ಅದು ತನಗೆ ತಾನೇ ಹಾಕಿಕೊಂಡ ಶಾಪವಾದೀತು.

ತೆಲುಗು ಇಲ್ಲಿ ಎಲ್ಲಕ್ಕಿಂತ ಹತ್ತಿರ ಬರುತ್ತದೆ. ‘ಚೇಸುಕುನ್ನವಾಡಿಕಿ ಚೇಸುಕುನ್ನಂತ ಮಹಾದೇವಾ’ ಎಂಬ ಗಾದೆಯಲ್ಲಿ ‘ಅಷ್ಟು’ವಿಗೆ ಸಮನಾದ ‘ಅಂತ’ ಇದೆ, ಶಿವನನ್ನು ಕರೆದು ಹೇಳುವ ರೀತಿಯೂ ಇದೆ. ತಿಪ್ಪೇರುದ್ರಸ್ವಾಮಿಯನ್ನು ರುದ್ರನ ಅಂಶವೆಂದು ನಂಬುವ ಭಕ್ತನಿಗೆ ಆ ಮಹಾದೇವ ಹೊರಗಿನವನಲ್ಲ. ಆದರೆ ‘ಚೇಸುಕುನ್ನ’ ಎಂದರೆ ತಾನು ತನಗಾಗಿ ಮಾಡಿಕೊಂಡದ್ದು, ಅಂದರೆ ಹಿಂದಿನ ಕರ್ಮ. ಈ ಗಾದೆಯನ್ನು ತೆಲುಗಿನವರು ಸಾಮಾನ್ಯವಾಗಿ ನಿಟ್ಟುಸಿರಿನೊಂದಿಗೆ ಆಡುತ್ತಾರೆ, ಅವರವರ ಹಣೆಬರಹ ಎಂಬ ಧಾಟಿಯಲ್ಲಿ. ಕೆರೆ ಏರಿಯ ಮೇಲೆ ಮಣ್ಣು ಹೊರುವವನ ಮುಂದೆ ಅದನ್ನು ಆಡಿದರೆ ಅವನು ಬುಟ್ಟಿ ಇಳಿಸಿ ಕೂತಾನು. ‘ಮಾಡಿದಷ್ಟು ನೀಡು ಭಿಕ್ಷೆ’ ಕೇಳಿದರೆ ಇನ್ನೊಂದು ಬುಟ್ಟಿ ಹೊರುತ್ತಾನೆ. ಮಾತಿನ ರಚನೆಯಲ್ಲಿ ಇಷ್ಟು ಹತ್ತಿರವಿದ್ದೂ ಒಂದು ಹಿಂದೆ ನೋಡುತ್ತದೆ, ಇನ್ನೊಂದು ಮುಂದೆ.

ದನಿಯನ್ನು ಹಿಡಿಯುವ ಸಮಾನ ಮಾತು ಗಾದೆಗಳ ಲೋಕದ ಹೊರಗೆ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕಾರ್ಮಿಕ ಸಂಘಗಳ ಘೋಷಣೆ ‘ನ್ಯಾಯವಾದ ದಿನದ ದುಡಿಮೆಗೆ ನ್ಯಾಯವಾದ ದಿನದ ಕೂಲಿ’ ಎಂಬುದು. ಅಳತೆ ಇದೆ, ಹಕ್ಕಿನ ದನಿ ಇದೆ. ದೇವರಿಲ್ಲ, ಭಿಕ್ಷೆಯ ವಿನಯವಿಲ್ಲ. ಆದ್ದರಿಂದ ಈ ಫೋಟೊದ ಕೆಳಗೆ ಒಂದೇ ಸಮಾನ ಗಾದೆ ಬರೆದು ಮುಗಿಸಲಾಗದು. ಮೊದಲು ಪದಾರ್ಥ, ಆಮೇಲೆ ಕೆರೆಯ ಕಥೆ ಎರಡು ಸಾಲು, ತೆಲುಗು ಓದುಗರಿಗೆ ಮಹಾದೇವನ ಗಾದೆ ಮತ್ತು ಅದರ ನಿಟ್ಟುಸಿರಿನ ಎಚ್ಚರಿಕೆ, ಇಂಗ್ಲಿಷ್ ಓದುಗರಿಗೆ ಕೂಲಿಯ ಘೋಷಣೆ. ಜಾಗವನ್ನೂ ಹೇಳಬೇಕು. ದೇವಾಲಯದ ಗೋಡೆಯಲ್ಲಿ ಇದು ಪ್ರಾರ್ಥನೆಯಾಗಿ ಓದಿಸಿಕೊಳ್ಳುತ್ತದೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ವ್ಯಾಪಾರದ ಮಾತಾಗಿ, ಲಾರಿಯ ಹಣೆಯಲ್ಲಿ ಚಾಲಕನ ದುಡಿಮೆಯ ಹೆಮ್ಮೆಯಾಗಿ.

ನಾಯಕನಹಟ್ಟಿಯಿಂದ ಉತ್ತರಕ್ಕೆ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆಗೆ ಹೋದರೆ ಇದೇ ಕೆಲಸ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಕ್ಕೆ ಸಾಗುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಬಂಡೆಗಳ ಮೇಲೆ ಅಶೋಕನ ಕಿರು ಶಾಸನಗಳಿವೆ. ಬಿ. ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ಊರವರು ಅದಕ್ಕೂ ಮೊದಲೇ ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅಲ್ಲಿರುವುದು ಅಕ್ಷರ ಎಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆಯದು. ತಂದೆ ತಾಯಿಯರ ಮಾತಿನಂತೆ ನಡೆಯಬೇಕು, ಗುರುಗಳಿಗೂ ಹಾಗೆಯೇ, ಜೀವಿಗಳಲ್ಲಿ ಕರುಣೆ ಗಟ್ಟಿಯಾಗಬೇಕು, ಸತ್ಯ ನುಡಿಯಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಇಂದಿನ ಶಾಲೆಯ ಗೋಡೆಗೂ ಈ ಪಟ್ಟಿಗೂ ಹೆಚ್ಚು ದೂರವಿಲ್ಲ. ಇದು ‘ಪೋರಾಣಾ ಪಕಿತಿ’, ಹಳೆಯ ಕಾಲದ ನಡಾವಳಿ ಎಂದು ಶಾಸನ ತನ್ನ ಮಾತಿಗೆ ಹಿರಿತನವನ್ನೂ ಹೇಳಿಕೊಳ್ಳುತ್ತದೆ. ಗಾದೆಗಳು ‘ಹಿರಿಯರು ಹೇಳಿದ್ದಾರೆ’ ಎಂದು ಬೆಂಬಲ ಪಡೆಯುವುದೂ ಹೀಗೆಯೇ.

ಶಾಸನದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತಾನು ಲಿಪಿಕಾರನೆಂಬ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಈ ನೆಲದ ಭಾಷೆಗೆ ಮಾತನ್ನು ತಿರುಗಿಸುವ ಗೊಡವೆಗೆ ಯಾರೂ ಹೋಗಿಲ್ಲ. ಅದೇ ಅಶೋಕನ ಮಾತು ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಿಗೆ ಬದಲಾಗಿತ್ತು. 1958ರಲ್ಲಿ ಬೆಳಕಿಗೆ ಬಂದ ಆ ಬಂಡೆಯಲ್ಲಿ ಅನುವಾದಕ ‘ಧಮ್ಮ’ವನ್ನು ಹಾಗೆಯೇ ಗ್ರೀಕ್ ಅಕ್ಷರದಲ್ಲಿ ಬರೆಯಲಿಲ್ಲ. ದೇವರಲ್ಲೂ ಹಿರಿಯರಲ್ಲೂ ಇರುವ ಭಕ್ತಿಗೌರವಕ್ಕೆ ಗ್ರೀಕರು ಬಳಸುತ್ತಿದ್ದ ‘ಯೂಸೆಬೇಯಾ’ ಎಂಬ ಪದವನ್ನು ಆಯ್ದುಕೊಂಡ. ಓದುವವನ ಮನೆಯಲ್ಲಿ ಆಗಲೇ ಇರುವ ಮಾತನ್ನು ಹುಡುಕುವ ಈ ಕ್ರಮ ಬ್ರಹ್ಮಗಿರಿಯಲ್ಲಿ ನಡೆಯದೆ ಉಳಿಯಿತು. ಅದು ಇಂದು ಫೋಟೊ ತೆಗೆದವರ ಪಾಲಿಗೆ ಬಂದಿದೆ.

ಅಲ್ಲಿ ಒಂದು ಪದ ಎಡವಿಸುತ್ತದೆ. ತಂದೆ ತಾಯಿಯರ ವಿಷಯದಲ್ಲಿ ಶಾಸನ ಬಳಸುವುದು ‘ಸುಸೂಸಿತವಿಯೇ’ ಎಂಬ ರೂಪ, ಸಂಸ್ಕೃತದ ‘ಶುಶ್ರೂಷೆ’ಗೆ ಸೇರಿದ್ದು. ಇಂದಿನ ಕನ್ನಡದಲ್ಲಿ ಶುಶ್ರೂಷೆ ಎಂದರೆ ಆಸ್ಪತ್ರೆ ನೆನಪಾಗುತ್ತದೆ, ರೋಗಿಯ ಆರೈಕೆ ನೆನಪಾಗುತ್ತದೆ. ಹಾಗೆ ಅನುವಾದಿಸಿದರೆ ಅಶೋಕ ಮುಪ್ಪಿನ ತಂದೆ ತಾಯಿಯರ ಆರೈಕೆಯನ್ನಷ್ಟೇ ಹೇಳಿದಂತಾಗುತ್ತದೆ. ಪದದ ಮೂಲದಲ್ಲಿರುವುದು ಕೇಳುವ ಬಯಕೆ, ಅದರಿಂದ ಹೇಳಿದಂತೆ ನಡೆಯುವುದು. ಇದಕ್ಕೆ ಕನ್ನಡದ ಆಡುಮಾತಿನಲ್ಲಿ ಕೈಗೆಟಕುವ ಸಮಾನ ರೂಪವಿದೆ. ‘ಅಪ್ಪ ಅಮ್ಮನ ಮಾತು ಕೇಳು’ ಎಂದು ಮಕ್ಕಳಿಗೆ ಹೇಳುವಾಗ ಕೇಳು ಎಂಬ ಪದ ಕಿವಿಗೂ ನಡತೆಗೂ ಒಟ್ಟಿಗೆ ಸಲ್ಲುತ್ತದೆ. ತೆಲುಗಿನ ‘ಮಾಟ ವಿನು’ ಕೂಡ ಹಾಗೆಯೇ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ಇಲ್ಲಿ ಜೋಡಿಸಲು ಆಸೆಯಾಗುತ್ತದೆ, ಆದರೆ ಅದು ಪ್ರೀತಿಯನ್ನು ಹೇಳುತ್ತದೆ, ಕಟ್ಟಳೆಯನ್ನಲ್ಲ. ಬಂಡೆಯ ದನಿ ಕಟ್ಟಳೆಯದು.

ಅದೇ ಬಂಡೆಯ ಮೊದಲ ಭಾಗದಲ್ಲಿ ನಾಯಕನಹಟ್ಟಿಯ ಮಾತಿಗೆ ಹತ್ತಿರವಾದ ಒಂದು ಎಳೆ ಇದೆ. ಇದು ‘ಪಕಮ’ದ, ಅಂದರೆ ಪರಾಕ್ರಮದ, ಶ್ರಮದ ಫಲ, ದೊಡ್ಡವರಿಗಷ್ಟೇ ದಕ್ಕುವಂಥದಲ್ಲ, ಶ್ರಮಿಸಿದರೆ ಸಣ್ಣವನೂ ದೊಡ್ಡ ಸ್ವರ್ಗವನ್ನು ಪಡೆಯಬಲ್ಲ ಎಂದು ಅಶೋಕ ಹೇಳಿಸುತ್ತಾನೆ. ಎರಡು ಮಾತುಗಳ ನಡುವೆ ಸಂಬಂಧ ಕಲ್ಪಿಸಲು ಆಧಾರವಿಲ್ಲ, ಕಲ್ಪಿಸಬೇಕಾಗಿಯೂ ಇಲ್ಲ. ಶ್ರಮವನ್ನು ಸ್ಥಾನಮಾನದಿಂದ ಬಿಡಿಸುವುದು ಎರಡರಲ್ಲೂ ಇದೆ. ಭೇದವಿರುವುದು ಕೊಡುವುದರಲ್ಲಿ: ಒಂದು ಶ್ರಮಿಸಿದ ಸಣ್ಣವನಿಗೆ ವಿಪುಲವಾದ ಫಲದ ಮಾತು ಕೊಡುತ್ತದೆ, ಇನ್ನೊಂದು ಮಾಡಿದಷ್ಟೇ ಎಂದು ಅಳತೆ ಕಟ್ಟುತ್ತದೆ. ಬ್ರಹ್ಮಗಿರಿಯ ಫೋಟೊಗೆ ನಾಯಕನಹಟ್ಟಿಯ ಮಾತನ್ನು ಸಮಾನವೆಂದು ಬರೆಯುವವರು ಈ ಭೇದವನ್ನೂ ಜೊತೆಗೆ ಬರೆದರೆ, ಎರಡೂ ಗೋಡೆಗಳಿಗೆ ನ್ಯಾಯ ಸಲ್ಲುತ್ತದೆ.